ಮೈಸೂರಿನಿಂದ ಹೊರಟ 3,000 ಡಾಲರ್: ನಾಲ್ಕು ಮಾರ್ಗಗಳ ಹೋಲಿಕೆ

ವಿದೇಶದಲ್ಲಿ ಓದುತ್ತಿರುವ ಮಕ್ಕಳಿಗೆ ಬ್ಯಾಂಕಿನ ಮೂಲಕ ಹಣ ಕಳುಹಿಸುವ ಪೋಷಕರು ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ. ಶಾಖೆಯಲ್ಲಿ ಶುಲ್ಕವನ್ನೆಲ್ಲ ಕಟ್ಟಿದ ಮೇಲೂ ಅಲ್ಲಿ ತಲುಪುವ ಮೊತ್ತ ಏಕೆ ಕಡಿಮೆಯಾಗುತ್ತದೆ? ಕಳೆದ ಸಲ ಕಡಿತವಾದಷ್ಟೇ ಈ ಸಲವೂ ಏಕೆ ಕಡಿತವಾಗುವುದಿಲ್ಲ? ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ ನನಗೆ ಈ ಪ್ರಶ್ನೆಗಳು ಕೌಂಟರಿನ ಆಚೆ ಬದಿಯಿಂದ ಪರಿಚಿತವಾಗಿದ್ದವು. ಮಗಳು ಸ್ನಾತಕೋತ್ತರ ಪದವಿಗೆಂದು ಅಮೆರಿಕಕ್ಕೆ ಹೋದ ಮೇಲೆ ಕಳುಹಿಸುವವರ ಸಾಲಿನಲ್ಲಿ ನಿಂತು ನಾನೂ ಬೇರೆ ಬೇರೆ ಮಾರ್ಗಗಳನ್ನು ಪರೀಕ್ಷಿಸಿ ನೋಡಿದೆ. ಆ ಅನುಭವವನ್ನು ಲೆಕ್ಕದ ಸಮೇತ ಇಲ್ಲಿ ಹೋಲಿಸಿದ್ದೇನೆ.

ಹೋಲಿಸಿದ ಮಾರ್ಗಗಳು ನಾಲ್ಕು. ಮೊದಲನೆಯದು, ಮೈಸೂರಿನ ನನ್ನ ಬ್ಯಾಂಕಿನಿಂದ ಅಮೆರಿಕದ ದೊಡ್ಡ ಬ್ಯಾಂಕೊಂದರಲ್ಲಿದ್ದ ಮಗಳ ಖಾತೆಗೆ, ಶುಲ್ಕವನ್ನು ಇಬ್ಬರೂ ಹಂಚಿಕೊಳ್ಳುವ ಕ್ರಮದಲ್ಲಿ ಕಳುಹಿಸುವುದು. ಎರಡನೆಯದು, ಅದೇ ಕ್ರಮದಲ್ಲಿ, ಆದರೆ ಅವಳು ಆಮೇಲೆ ತೆರೆದ ವಿಶ್ವವಿದ್ಯಾಲಯದ ಊರಿನ ಕ್ರೆಡಿಟ್ ಯೂನಿಯನ್ ಖಾತೆಗೆ ಕಳುಹಿಸುವುದು. ಕ್ರೆಡಿಟ್ ಯೂನಿಯನ್ ಎಂದರೆ ನಮ್ಮ ಪತ್ತಿನ ಸಹಕಾರ ಸಂಘದ ಹಾಗೆ ಸದಸ್ಯರೇ ಒಡೆಯರಾಗಿರುವ ಸಂಸ್ಥೆ. ಮೂರನೆಯದು, ಅದೇ ಕ್ರೆಡಿಟ್ ಯೂನಿಯನ್ ಖಾತೆಗೆ, ಶುಲ್ಕವೆಲ್ಲ ಕಳುಹಿಸುವವರದೇ ಎಂಬ ಕ್ರಮದಲ್ಲಿ ಕಳುಹಿಸುವುದು. ನಾಲ್ಕನೆಯದು, ಆನ್‌ಲೈನ್ ಹಣ ರವಾನೆ ಸೇವೆಯೊಂದರ ಮೂಲಕ ಕಳುಹಿಸುವುದು.

ಹಣ ಎಲ್ಲಿಯೂ ಪ್ರಯಾಣಿಸುವುದಿಲ್ಲ

ಹೋಲಿಕೆ ಅರ್ಥವಾಗಬೇಕಾದರೆ ಒಂದು ಸಂಗತಿ ಮೊದಲೇ ತಿಳಿದಿರಬೇಕು. ಸ್ವಿಫ್ಟ್ ಮೂಲಕ ಹಣ ಹೋಯಿತು ಎಂದು ನಾವು ಹೇಳುತ್ತೇವೆ. ಆದರೆ 1973ರಲ್ಲಿ ಬೆಲ್ಜಿಯಂನಲ್ಲಿ ಸ್ಥಾಪನೆಯಾದ ಸ್ವಿಫ್ಟ್ ಬ್ಯಾಂಕುಗಳ ನಡುವೆ ಸಂದೇಶಗಳನ್ನು ಸಾಗಿಸುವ ಸಹಕಾರಿ ಸಂಸ್ಥೆಯೇ ಹೊರತು ಹಣವನ್ನು ಸಾಗಿಸುವ ಸಂಸ್ಥೆಯಲ್ಲ. ನನ್ನ ಬ್ಯಾಂಕಿನ ಡಾಲರುಗಳು ಮೈಸೂರಿನಲ್ಲಾಗಲಿ ಮುಂಬೈಯಲ್ಲಾಗಲಿ ಇರುವುದಿಲ್ಲ. ಅವು ನ್ಯೂಯಾರ್ಕಿನ ಯಾವುದೋ ಬ್ಯಾಂಕಿನಲ್ಲಿ ನನ್ನ ಬ್ಯಾಂಕು ತನ್ನ ಹೆಸರಿನಲ್ಲಿ ಇಟ್ಟಿರುವ ಖಾತೆಯಲ್ಲಿರುತ್ತವೆ. ಇದನ್ನು ಬ್ಯಾಂಕಿನವರು ನಾಸ್ಟ್ರೊ ಖಾತೆ ಎನ್ನುತ್ತಾರೆ. ಖಾತೆಯನ್ನು ಇಟ್ಟುಕೊಂಡಿರುವ ನ್ಯೂಯಾರ್ಕಿನ ಬ್ಯಾಂಕನ್ನು ಕರೆಸ್ಪಾಂಡೆಂಟ್ ಬ್ಯಾಂಕ್ ಎನ್ನುತ್ತಾರೆ.

ನಾನು ಇಲ್ಲಿ ರೂಪಾಯಿ ಕೊಟ್ಟಾಗ ನನ್ನ ಬ್ಯಾಂಕು ಆ ಕರೆಸ್ಪಾಂಡೆಂಟ್ ಬ್ಯಾಂಕಿಗೆ ಸ್ವಿಫ್ಟ್ ಮೂಲಕ ಆದೇಶವೊಂದನ್ನು ಕಳುಹಿಸುತ್ತದೆ: ನಿಮ್ಮಲ್ಲಿರುವ ನಮ್ಮ ಖಾತೆಯಿಂದ ಇಷ್ಟು ಡಾಲರ್ ತೆಗೆದು, ಇಂಥ ಬ್ಯಾಂಕಿನಲ್ಲಿರುವ ಇಂಥವರ ಖಾತೆಗೆ ಜಮೆಯಾಗುವಂತೆ ಮಾಡಿ. ಮಗಳ ಖಾತೆಯೂ ಅದೇ ಕರೆಸ್ಪಾಂಡೆಂಟ್ ಬ್ಯಾಂಕಿನಲ್ಲಿದ್ದರೆ ಆ ಬ್ಯಾಂಕು ತನ್ನ ಪುಸ್ತಕದಲ್ಲೇ ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮಾ ಬರೆದರೆ ಕೆಲಸ ಮುಗಿಯಿತು. ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ ಅಮೆರಿಕದ ಒಳಗಿನ ವ್ಯವಸ್ಥೆಯಾದ ಫೆಡ್‌ವೈರ್ ಅಥವಾ ಚಿಪ್ಸ್ ಮೂಲಕ ಆ ಬ್ಯಾಂಕಿಗೆ ದಾಟಿಸಬೇಕು. ಎರಡು ಬ್ಯಾಂಕುಗಳ ನಡುವೆ ನೇರ ದಾರಿ ಇಲ್ಲದಿದ್ದರೆ ನಡುವೆ ಮತ್ತೊಂದು ಬ್ಯಾಂಕು ಬರುತ್ತದೆ. ಹೀಗೆ ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ ದಾಟುವ ಪ್ರತಿ ಹಂತದಲ್ಲೂ ಒಂದು ಬ್ಯಾಂಕು ಕೆಲಸ ಮಾಡುತ್ತದೆ, ಹೆಸರುಗಳನ್ನು ನಿರ್ಬಂಧಿತರ ಪಟ್ಟಿಯೊಡನೆ ತಾಳೆ ನೋಡುತ್ತದೆ, ಅದಕ್ಕೆ ತನ್ನ ಶುಲ್ಕವನ್ನು ಕೇಳುತ್ತದೆ. ಆದ್ದರಿಂದ ಶುಲ್ಕಕ್ಕೂ ದೇಶಗಳ ನಡುವಿನ ದೂರಕ್ಕೂ ಸಂಬಂಧವಿಲ್ಲ. ಎಷ್ಟು ಪುಸ್ತಕಗಳನ್ನು ದಾಟಬೇಕು, ದಾಟಿಸಿದವರಿಗೆ ಯಾರು ಕೊಡಬೇಕು ಎಂಬ ಎರಡೇ ಸಂಗತಿಗಳು ಮುಖ್ಯ.

ಕಳುಹಿಸುವ ಬ್ಯಾಂಕಿಗೆ ತನ್ನದೇ ಆದ ಡಾಲರ್ ಖಾತೆ ಇಲ್ಲದಿದ್ದರೆ ಸರಪಳಿ ಭಾರತದಲ್ಲೇ ಉದ್ದವಾಗುತ್ತದೆ. ಅನೇಕ ಸಹಕಾರಿ ಬ್ಯಾಂಕುಗಳು ವಿದೇಶಿ ವಿನಿಮಯದ ಪೂರ್ಣ ಪರವಾನಗಿ ಇರುವ ಮತ್ತೊಂದು ಬ್ಯಾಂಕಿನ ಮೂಲಕವೇ ಹಣ ಕಳುಹಿಸಬೇಕಾಗುತ್ತದೆ. ನನ್ನ ಬ್ಯಾಂಕಿಗೆ ಸ್ವಂತ ಖಾತೆ ಇದ್ದುದರಿಂದ ಆ ಹಂತ ನನ್ನ ಲೆಕ್ಕದಲ್ಲಿ ಬರುವುದಿಲ್ಲ.

ಮೂರು ಅಕ್ಷರಗಳ ಆಯ್ಕೆ

ಶುಲ್ಕವನ್ನು ಯಾರು ಭರಿಸಬೇಕು ಎಂಬುದನ್ನು ಹಣ ಕಳುಹಿಸುವ ಅರ್ಜಿಯಲ್ಲೇ ಬರೆದುಕೊಡಬೇಕು. ನಮ್ಮಲ್ಲಿ ವಿದೇಶಕ್ಕೆ ಹಣ ಕಳುಹಿಸುವವರು ಕೊಡಬೇಕಾದ ಘೋಷಣೆಯಾದ ಎ2 ನಮೂನೆಯ ಜೊತೆಗೆ ಬ್ಯಾಂಕು ಕೊಡುವ ಅರ್ಜಿಯಲ್ಲಿ ಇದಕ್ಕೊಂದು ಚೌಕ ಇರುತ್ತದೆ. ವಿದ್ಯಾಭ್ಯಾಸಕ್ಕೆ S0305 ಎಂಬ ಉದ್ದೇಶ ಸಂಕೇತವನ್ನು ಜಾಗರೂಕತೆಯಿಂದ ಬರೆಯುವವರೂ ಈ ಚೌಕವನ್ನು ಖಾಲಿ ಬಿಟ್ಟುಬಿಡುತ್ತಾರೆ. ಆಗ ಶಾಖೆಯವರು ರೂಢಿಯಂತೆ SHA ಎಂದು ತುಂಬುತ್ತಾರೆ.

SHA ಎಂದರೆ ನನ್ನ ಬ್ಯಾಂಕಿನ ಶುಲ್ಕ ನನ್ನದು, ಅದರಾಚೆಗಿನ ಎಲ್ಲ ಬ್ಯಾಂಕುಗಳ ಶುಲ್ಕ ಪಡೆಯುವವರದು. ಮಧ್ಯದ ಬ್ಯಾಂಕುಗಳು ಪಡೆಯುವವರಿಗೆ ಬಿಲ್ಲು ಕಳುಹಿಸುವುದಿಲ್ಲ. ದಾಟಿಹೋಗುತ್ತಿರುವ ಮೊತ್ತದಿಂದಲೇ ತಮ್ಮ ಪಾಲನ್ನು ಮುರಿದುಕೊಂಡು ಉಳಿದದ್ದನ್ನು ಮುಂದಕ್ಕೆ ಕಳುಹಿಸುತ್ತವೆ. OUR ಎಂದರೆ ದಾರಿಯ ಶುಲ್ಕವನ್ನೆಲ್ಲ ಕಳುಹಿಸುವವರೇ ಭರಿಸುವುದು. BEN ಎಂದರೆ ನನ್ನ ಬ್ಯಾಂಕಿನ ಶುಲ್ಕವೂ ಸೇರಿ ಎಲ್ಲವೂ ಪಡೆಯುವವರ ತಲೆಯ ಮೇಲೆ. ಮನೆಯವರಿಗೆ ಕಳುಹಿಸುವಾಗ ಇದರಿಂದ ಯಾವ ಪ್ರಯೋಜನವೂ ಇಲ್ಲವಾದ್ದರಿಂದ ಹೋಲಿಕೆಯಿಂದ ಬಿಟ್ಟಿದ್ದೇನೆ. ಬ್ಯಾಂಕುಗಳ ನಡುವಿನ ಪಾವತಿ ಸಂದೇಶಗಳು 2025ರ ನವೆಂಬರಿನಲ್ಲಿ ಹೊಸ ವಿನ್ಯಾಸಕ್ಕೆ ಪೂರ್ತಿಯಾಗಿ ಬದಲಾದ ಮೇಲೆ ಇವೇ ಮೂರು ಆಯ್ಕೆಗಳು ಸಂದೇಶದಲ್ಲಿ SHAR, DEBT, CRED ಎಂದು ಕಾಣಿಸುತ್ತವೆ. ಅರ್ಜಿಗಳಲ್ಲಿ ಇನ್ನೂ ಹಳೆಯ ಅಕ್ಷರಗಳೇ ಬಳಕೆಯಲ್ಲಿವೆ.

ಮೊದಲೆರಡು ಮಾರ್ಗ: ಒಂದೇ ಕ್ರಮ, ಎರಡು ಫಲಿತಾಂಶ

ದೊಡ್ಡ ಬ್ಯಾಂಕಿನ ಖಾತೆಗೆ SHA ಕ್ರಮದಲ್ಲಿ 3,000 ಡಾಲರ್ ಕಳುಹಿಸಿದಾಗ ಮಗಳಿಗೆ 2,985 ಡಾಲರ್ ಸಿಕ್ಕಿತು. ಅವಳ ಬ್ಯಾಂಕು ಮತ್ತು ನನ್ನ ಬ್ಯಾಂಕಿನ ನಾಸ್ಟ್ರೊ ಖಾತೆ ಇದ್ದ ಬ್ಯಾಂಕು ಎರಡೂ ಒಂದೇ ಆಗಿದ್ದವು. ಹಾಗಾಗಿ ಒಂದೇ ಪುಸ್ತಕ, ಒಂದೇ ಕಡಿತ. ಇದು ನನ್ನ ಜಾಣತನದಿಂದ ಆದದ್ದಲ್ಲ, ಅವಳು ಹೋದ ಹೊಸದರಲ್ಲಿ ಹಾಸ್ಟೆಲಿಗೆ ಹತ್ತಿರವಿದ್ದ ಶಾಖೆಯಲ್ಲಿ ಖಾತೆ ತೆರೆದಿದ್ದರಿಂದ ಒದಗಿಬಂದದ್ದು.

ಮುಂದೆ ತಿಂಗಳ ಕನಿಷ್ಠ ಮೊತ್ತದ ಷರತ್ತು ಇಲ್ಲವೆಂಬ ಕಾರಣಕ್ಕೆ ಅವಳು ಕ್ರೆಡಿಟ್ ಯೂನಿಯನ್‌ಗೆ ಬದಲಾದಳು. ಅದೇ 3,000 ಡಾಲರನ್ನು ಅದೇ ಶಾಖೆಯಿಂದ, ಅದೇ ಚೌಕದಲ್ಲಿ SHA ಎಂದು ಬರೆದು ಕಳುಹಿಸಿದಾಗ ಕೊನೆಗೆ ಉಳಿದದ್ದು 2,963 ಡಾಲರ್. ಇಲ್ಲಿ ನನ್ನ ಬ್ಯಾಂಕಿನ ಪಾತ್ರ ಒಂದಿಷ್ಟೂ ಬದಲಾಗಿರಲಿಲ್ಲ. ಬದಲಾದದ್ದು ಅತ್ತ ಕಡೆಯ ಸರಪಳಿ. ಅಮೆರಿಕದ ಅನೇಕ ಸಣ್ಣ ಬ್ಯಾಂಕುಗಳು ಮತ್ತು ಕ್ರೆಡಿಟ್ ಯೂನಿಯನ್‌ಗಳು ಸ್ವಿಫ್ಟ್ ಜಾಲದಲ್ಲಿ ಇರುವುದೇ ಇಲ್ಲ. ವಿದೇಶದಿಂದ ಬರುವ ಹಣಕ್ಕಾಗಿ ಅವು ದೊಡ್ಡ ಬ್ಯಾಂಕೊಂದರ ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ. ಹಾಗಾಗಿ ಹಣ ನನ್ನ ಬ್ಯಾಂಕಿನ ಕರೆಸ್ಪಾಂಡೆಂಟಿನಿಂದ ಆ ಎರಡನೆಯ ಬ್ಯಾಂಕಿಗೆ, ಅಲ್ಲಿಂದ ಕ್ರೆಡಿಟ್ ಯೂನಿಯನ್‌ಗೆ, ಅಲ್ಲಿಂದ ಮಗಳ ಖಾತೆಗೆ ದಾಟಿತು.

ಎಲ್ಲಿ ಎಷ್ಟು ಹೋಯಿತೆಂಬುದನ್ನು ಊಹಿಸಬೇಕಾಗಿಲ್ಲ. ಸಂದೇಶದಲ್ಲೇ ಅದು ದಾಖಲಾಗಿರುತ್ತದೆ. ನನ್ನ ಬ್ಯಾಂಕು ಹೊರಡಿಸಿದ, ಎಂಟಿ 103 ಎಂಬ ಸ್ವಿಫ್ಟ್ ಪಾವತಿ ಸಂದೇಶದ ಪ್ರತಿಯಲ್ಲಿ ನಮಗೆ ಬೇಕಾದ ಸಾಲುಗಳು ಇವು:

```
:32A:250818USD3000,
:33B:USD3000,
:71A:SHA
```

ಎರಡನೆಯ ಬ್ಯಾಂಕಿನಿಂದ ಕ್ರೆಡಿಟ್ ಯೂನಿಯನ್‌ಗೆ ಹೋದ ಮಾಹಿತಿಯನ್ನು ಅದೇ ವಿನ್ಯಾಸದಲ್ಲಿ ಬರೆದರೆ ಹೀಗಿರುತ್ತದೆ:

```
:32A:250818USD2973,
:33B:USD3000,
:71A:SHA
:71F:USD15,
:71F:USD12,
```

33B ಎಂಬ ಸಾಲಿನಲ್ಲಿ ನಾನು ಕಳುಹಿಸಲು ಹೇಳಿದ ಮೊತ್ತ ಕೊನೆಯವರೆಗೂ ಬದಲಾಗದೆ ಉಳಿಯುತ್ತದೆ. 32A ಸಾಲಿನಲ್ಲಿ ಆ ಹಂತದಲ್ಲಿ ನಿಜವಾಗಿ ದಾಟುತ್ತಿರುವ ಮೊತ್ತ ಇರುತ್ತದೆ. ಮುರಿದುಕೊಂಡ ಪ್ರತಿ ಬ್ಯಾಂಕು ತನ್ನ ಪಾಲನ್ನು ಒಂದೊಂದು 71F ಸಾಲಾಗಿ ಸೇರಿಸುತ್ತದೆ, ದಾಟಿದ ಕ್ರಮದಲ್ಲೇ. ಮೊದಲ ಬ್ಯಾಂಕು 15, ಎರಡನೆಯದು 12. ಎರಡೂ ಸೇರಿ 27. ಉಳಿದ 10 ಡಾಲರ್ ಈ ಸಂದೇಶದಲ್ಲಿ ಇಲ್ಲ. ಮಗಳ ಖಾತೆಯ ವಿವರಪಟ್ಟಿ ತೆಗೆದು ನೋಡಿದಾಗ 2,973 ಡಾಲರ್ ಜಮೆಯಾಗಿ, ಅದರ ಕೆಳಗಿನ ಸಾಲಿನಲ್ಲೇ ಒಳಬಂದ ವೈರ್‌ನ, ಅಂದರೆ ಹೀಗೆ ಬ್ಯಾಂಕಿನಿಂದ ಬ್ಯಾಂಕಿಗೆ ದಾಟಿ ಬಂದ ಪಾವತಿಯ, ಶುಲ್ಕವೆಂದು 10 ಡಾಲರ್ ಬೇರೆಯಾಗಿ ಖರ್ಚು ಬಿದ್ದಿತ್ತು. ದಾರಿಯಲ್ಲಿ ಆದ ಕಡಿತಕ್ಕೂ ತಲುಪಿದ ಮೇಲೆ ಖಾತೆಯ ಬ್ಯಾಂಕೇ ಹಾಕಿದ ಶುಲ್ಕಕ್ಕೂ ಇರುವ ವ್ಯತ್ಯಾಸ ಹೀಗೆ ಕಾಣಿಸುತ್ತದೆ: ಜಮೆಯ ಮೊತ್ತವೇ ಕಡಿಮೆ ಇದ್ದರೆ ಅದು ದಾರಿಯದು, ಜಮೆಯ ಪಕ್ಕದಲ್ಲಿ ಖರ್ಚಿನ ಸಾಲು ಇದ್ದರೆ ಅದು ಕೊನೆಯ ಬ್ಯಾಂಕಿನದು.

ಈ ಶುಲ್ಕಗಳು ಶೇಕಡಾವಾರು ಅಲ್ಲ, ನಿಗದಿತ ಮೊತ್ತಗಳು ಎಂಬುದನ್ನೂ ಗಮನಿಸಬೇಕು. 3,000 ಡಾಲರಿನಲ್ಲಿ 37 ಡಾಲರ್ ಎಂದರೆ ಶೇ 1.2ರಷ್ಟು. ಅದೇ ದಾರಿಯಲ್ಲಿ 300 ಡಾಲರ್ ಕಳುಹಿಸಿದರೆ ಶೇ 12ಕ್ಕಿಂತ ಹೆಚ್ಚು ಕರಗಿಹೋಗುತ್ತದೆ. 10,000 ಡಾಲರ್ ಕಳುಹಿಸಿದರೆ ಶೇ 0.4ನ್ನೂ ಮುಟ್ಟುವುದಿಲ್ಲ. ತಿಂಗಳು ತಿಂಗಳೂ ಚೂರು ಚೂರಾಗಿ ಕಳುಹಿಸುವ ಪೋಷಕರು ಇದೇ ಕಾರಣಕ್ಕೆ ಹೆಚ್ಚು ಕಳೆದುಕೊಳ್ಳುತ್ತಾರೆ.

ಹಾಗಾದರೆ ಒಂದೇ ಖಾತೆಗೆ ಕಳುಹಿಸಿದರೂ ಕಡಿತ ಸಲದಿಂದ ಸಲಕ್ಕೆ ಏಕೆ ಬದಲಾಗುತ್ತದೆ? ದೊಡ್ಡ ಬ್ಯಾಂಕುಗಳು ನ್ಯೂಯಾರ್ಕಿನಲ್ಲಿ ಒಂದಕ್ಕಿಂತ ಹೆಚ್ಚು ನಾಸ್ಟ್ರೊ ಖಾತೆಗಳನ್ನು ಇಟ್ಟಿರುತ್ತವೆ. ಆ ದಿನ ಯಾವುದರಲ್ಲಿ ಸಾಕಷ್ಟು ಹಣವಿದೆ, ಯಾವುದಕ್ಕೆ ಎಷ್ಟು ವಹಿವಾಟು ಕೊಡಬೇಕು ಎಂಬುದನ್ನು ಬ್ಯಾಂಕಿನ ಖಜಾನೆ ವಿಭಾಗ ತೀರ್ಮಾನಿಸುತ್ತದೆ. ಖಾತೆ ಬದಲಾದರೆ ಮೊದಲ ಕಡಿತವೂ ಬದಲಾಗುತ್ತದೆ. ಕರೆಸ್ಪಾಂಡೆಂಟ್ ಬ್ಯಾಂಕು ಎಲ್ಲ ಗ್ರಾಹಕ ಬ್ಯಾಂಕುಗಳಿಂದಲೂ ಒಂದೇ ದರ ಪಡೆಯುವುದೂ ಇಲ್ಲ. ಹೆಚ್ಚು ಸಂದೇಶಗಳನ್ನು ಕೊಡುವ ಬ್ಯಾಂಕಿಗೆ ಕಡಿಮೆ ದರದ ಒಪ್ಪಂದ ಸಿಗುತ್ತದೆ. ಇವೆರಡರ ಮೇಲೆ ಗ್ರಾಹಕರಿಗೆ ಹಿಡಿತವಿಲ್ಲ. ಹಿಡಿತ ಇರುವ ಮೂರನೆಯ ಕಾರಣವೊಂದಿದೆ, ಅದು ತಪ್ಪಾಗಿ ಅಥವಾ ಅಪೂರ್ಣವಾಗಿ ತುಂಬಿದ ವಿವರ. ಸಂದೇಶ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ದಾಟದೆ ಒಬ್ಬ ಸಿಬ್ಬಂದಿ ಕೈಯಿಂದ ತಿದ್ದಬೇಕಾಗಿ ಬಂದರೆ ಬ್ಯಾಂಕುಗಳು ಅದಕ್ಕೆ ಪ್ರತ್ಯೇಕ ಶುಲ್ಕ ಸೇರಿಸುತ್ತವೆ.

ಮೂರನೆಯ ಮಾರ್ಗ: OUR ಕೊಡುವ ಭರವಸೆ ಮತ್ತು ಅದರ ಗಡಿ

ಕ್ರೆಡಿಟ್ ಯೂನಿಯನ್ ಖಾತೆಗೇ OUR ಕ್ರಮದಲ್ಲಿ ಕಳುಹಿಸಿದಾಗ ವಿದೇಶಿ ಬ್ಯಾಂಕುಗಳ ಶುಲ್ಕವೆಂದು ನನ್ನಿಂದ ಇಲ್ಲಿಯೇ 2,000 ರೂಪಾಯಿ ಮತ್ತು ಅದರ ಮೇಲೆ ಶೇ 18ರ ಜಿಎಸ್‌ಟಿ, ಒಟ್ಟು 2,360 ರೂಪಾಯಿ ಹೆಚ್ಚುವರಿಯಾಗಿ ಪಡೆದರು. ಮಗಳ ಖಾತೆಗೆ 3,000 ಡಾಲರ್ ಪೂರ್ತಿಯಾಗಿ ಜಮೆಯಾಯಿತು, ಆದರೆ ಕ್ರೆಡಿಟ್ ಯೂನಿಯನ್ ತನ್ನ 10 ಡಾಲರನ್ನು ಎಂದಿನಂತೆ ಕಡಿತ ಮಾಡಿತು. ಆ ಶುಲ್ಕ ದಾರಿಯ ಶುಲ್ಕವಲ್ಲ, ಖಾತೆದಾರರಿಗೂ ಆ ಸಂಸ್ಥೆಗೂ ನಡುವಿನ ಷರತ್ತು. ಹಾಗಾಗಿ OUR ಎಂದು ಬರೆದರೂ ಅದು ಉಳಿಯಿತು.

OUR ಒಳಗೇ ಎರಡು ಬಗೆ ಇದೆ ಎಂಬುದು ಶಾಖೆಗಳಲ್ಲಿ ಸಾಮಾನ್ಯವಾಗಿ ಯಾರೂ ವಿವರಿಸದ ಸಂಗತಿ. ಮೊದಲ ಬಗೆಯಲ್ಲಿ ನನ್ನ ಬ್ಯಾಂಕು ಮತ್ತು ಕರೆಸ್ಪಾಂಡೆಂಟ್ ಬ್ಯಾಂಕು ಮೊದಲೇ ಒಂದು ನಿಗದಿತ ದರ ಮಾತಾಡಿಕೊಂಡಿರುತ್ತವೆ. ಆ ದರ ಪಡೆದ ಕರೆಸ್ಪಾಂಡೆಂಟ್ ಬ್ಯಾಂಕು ಪೂರ್ಣ ಮೊತ್ತ ತಲುಪಿಸುವ ಹೊಣೆ ಹೊರುತ್ತದೆ, ಮುಂದಿನ ಬ್ಯಾಂಕು ಏನಾದರೂ ಕೇಳಿದರೆ ತಾನೇ ಕೊಡುತ್ತದೆ. ಇದನ್ನು ಪೂರ್ಣ ಮೊತ್ತದ ಸೇವೆ, ಫುಲ್ ವ್ಯಾಲ್ಯೂ ಎಂದೆಲ್ಲ ಕರೆಯುತ್ತಾರೆ. ಎರಡನೆಯ ಬಗೆಯಲ್ಲಿ ಅಂಥ ಒಪ್ಪಂದವಿರುವುದಿಲ್ಲ. ಮುಂದಿನ ಬ್ಯಾಂಕುಗಳು ತಮ್ಮ ಶುಲ್ಕವನ್ನು ಹಿಂದಿನ ಬ್ಯಾಂಕಿನಿಂದ ಆಮೇಲೆ ಬೇರೊಂದು ಸಂದೇಶದ ಮೂಲಕ ಕೇಳುತ್ತವೆ, ಹಳೆಯ ವಿನ್ಯಾಸದಲ್ಲಿ ಅದು ಎಂಟಿ 191. ಆ ಕೇಳಿಕೆ ಸರಪಳಿಯಲ್ಲಿ ಹಿಂದಕ್ಕೆ ಬಂದು ನನ್ನ ಬ್ಯಾಂಕನ್ನು ಮುಟ್ಟಿದಾಗ ಎಷ್ಟೋ ದಿನಗಳ ಬಳಿಕ ನನ್ನ ಖಾತೆಯಿಂದ ಮತ್ತೊಂದು ಮೊತ್ತ ಖರ್ಚಾಗುತ್ತದೆ. ಇನ್ನೂ ಕೆಟ್ಟ ಸಾಧ್ಯತೆಯೆಂದರೆ, ನಡುವಿನ ಬ್ಯಾಂಕು ಹಾಗೆ ಕೇಳುವ ಗೋಜಿಗೆ ಹೋಗದೆ OUR ಸೂಚನೆಯನ್ನು ಕಡೆಗಣಿಸಿ ದಾಟುತ್ತಿರುವ ಮೊತ್ತದಿಂದಲೇ ಮುರಿದುಕೊಳ್ಳುವುದು.

ಇದು ನನಗೆ ಅನುಭವಕ್ಕೆ ಬಂದದ್ದು ವಿಶ್ವವಿದ್ಯಾಲಯದ ಶುಲ್ಕ ಕಟ್ಟುವಾಗ. 14,200 ಡಾಲರನ್ನು OUR ಕ್ರಮದಲ್ಲಿ ಕಳುಹಿಸಿದ್ದರೂ ವಿಶ್ವವಿದ್ಯಾಲಯದ ಲೆಕ್ಕಕ್ಕೆ 20 ಡಾಲರ್ ಕಡಿಮೆ ಬಂದಿತ್ತು. ಬಾಕಿ ಇದ್ದರೆ, ಅದು ಎಷ್ಟೇ ಚಿಕ್ಕದಿರಲಿ, ಮುಂದಿನ ಅವಧಿಯ ನೋಂದಣಿಗೆ ತಡೆ ಬೀಳುತ್ತದೆ. ಮಗಳು ತನ್ನ ಕೈಯಿಂದ ಆ 20 ಡಾಲರ್ ಕಟ್ಟಿ ತಡೆ ತೆಗೆಸಿಕೊಂಡಳು. ನಾನು ಶಾಖೆಗೆ ಹೋಗಿ ಯುಇಟಿಆರ್ ಸಂಖ್ಯೆ ಕೊಟ್ಟು ವಿಚಾರಣೆ ಹಾಕಿಸಿದೆ. ಪ್ರತಿ ಪಾವತಿಗೂ ಇರುವ, 36 ಅಕ್ಷರಗಳ ಈ ಗುರುತು ಸಂಖ್ಯೆ ಸರಪಳಿಯ ಉದ್ದಕ್ಕೂ ಬದಲಾಗುವುದಿಲ್ಲ. ಅದರ ಸಹಾಯದಿಂದ ಬ್ಯಾಂಕಿನವರು ತಮ್ಮ ಪರದೆಯಲ್ಲಿ ಯಾವ ಬ್ಯಾಂಕು ಯಾವ ಹೊತ್ತಿಗೆ ಸಂದೇಶ ಪಡೆಯಿತು, ಯಾವಾಗ ಮುಂದಕ್ಕೆ ಕಳುಹಿಸಿತು, ಎಷ್ಟು ಕಡಿತ ಮಾಡಿತು ಎಂಬುದನ್ನೆಲ್ಲ ನೋಡಬಹುದು. ಎರಡನೆಯ ಮಧ್ಯವರ್ತಿ ಬ್ಯಾಂಕು ಕಡಿತ ಮಾಡಿದ್ದು ಅಲ್ಲಿ ಸ್ಪಷ್ಟವಾಗಿ ಕಾಣಿಸಿತು. ಕೆಲವು ವಾರಗಳ ನಂತರ ಆ 20 ಡಾಲರನ್ನು ಕರೆಸ್ಪಾಂಡೆಂಟ್ ಬ್ಯಾಂಕು ಭರ್ತಿ ಮಾಡಿಕೊಟ್ಟಿತು. ಪೂರ್ಣ ಮೊತ್ತದ ಒಪ್ಪಂದ ಇದ್ದುದರಿಂದ ಇದು ಸಾಧ್ಯವಾಯಿತು. ಆ ಒಪ್ಪಂದ ಇಲ್ಲದಿದ್ದರೆ ಕೇಳಲು ಆಧಾರವೇ ಇರುತ್ತಿರಲಿಲ್ಲ. ಅರ್ಜಿಗೆ ಸಹಿ ಹಾಕುವ ಮುನ್ನ, ನಾನು ಕೊಡುತ್ತಿರುವ ವಿದೇಶಿ ಶುಲ್ಕ ಪೂರ್ಣ ಮೊತ್ತದ ಭರವಸೆಯದೋ ಅಥವಾ ಆಮೇಲೆ ಮತ್ತೆ ಕೇಳಬಹುದಾದ ಮುಂಗಡವೋ ಎಂದು ವಿಚಾರಿಸಿ ಉತ್ತರವನ್ನು ಇಮೇಲಿನಲ್ಲಿ ಪಡೆಯುವುದನ್ನು ನಾನು ಈಗ ಬಿಡುವುದಿಲ್ಲ.

ನಾಲ್ಕನೆಯ ಮಾರ್ಗ: ಸರಪಳಿಯನ್ನೇ ಬಳಸದ ದಾರಿ

ಆನ್‌ಲೈನ್ ರವಾನೆ ಸೇವೆಗಳು ಅಗ್ಗವಾಗಿ ಕಾಣುವುದು ಮಾಯದಿಂದಲ್ಲ, ಪ್ರತಿ ಗ್ರಾಹಕರ ಪಾವತಿಯನ್ನೂ ಬಿಡಿಬಿಡಿಯಾಗಿ ಮಧ್ಯವರ್ತಿ ಬ್ಯಾಂಕುಗಳ ಮೂಲಕ ಕಳುಹಿಸದೆ ಇರುವುದರಿಂದ. ಭಾರತದಿಂದ ಹೊರಹೋಗುವ ಹಣ ಪರವಾನಗಿ ಪಡೆದ ಬ್ಯಾಂಕಿನ ಮೂಲಕವೇ ಹೋಗಬೇಕಾದ್ದರಿಂದ ಇಂಥ ಸೇವೆಗಳ ಹಿಂದೆಯೂ ಒಂದು ಭಾರತೀಯ ಬ್ಯಾಂಕು ಇದ್ದೇ ಇರುತ್ತದೆ. ಪ್ಯಾನ್, ಎ2 ಘೋಷಣೆ, ಆರ್ಥಿಕ ವರ್ಷಕ್ಕೆ 2,50,000 ಡಾಲರಿನ ಮಿತಿ ಎಲ್ಲವೂ ಇಲ್ಲಿಯೂ ಅನ್ವಯಿಸುತ್ತವೆ. ವ್ಯತ್ಯಾಸ ಇರುವುದು ಅತ್ತ ಕಡೆ. ಅನೇಕರ ಹಣವನ್ನು ಒಟ್ಟುಗೂಡಿಸಿ ದೊಡ್ಡ ಮೊತ್ತವಾಗಿ ಅಮೆರಿಕದ ಖಾತೆಯೊಂದಕ್ಕೆ ಸಾಗಿಸಿ, ಅಲ್ಲಿಂದ ಪ್ರತಿಯೊಬ್ಬರಿಗೂ ಎಸಿಎಚ್ ಎಂಬ ದೇಶೀಯ ವ್ಯವಸ್ಥೆಯ ಮೂಲಕ ಪಾವತಿಸುತ್ತಾರೆ. ಎಸಿಎಚ್ ಹೆಚ್ಚು ಕಡಿಮೆ ನಮ್ಮ ನೆಫ್ಟ್ ಮಾಡುವ ಕೆಲಸವನ್ನೇ ಮಾಡುತ್ತದೆ, ಅದರಲ್ಲಿ ಬಂದ ಜಮೆಗೆ ಖಾತೆಯ ಬ್ಯಾಂಕು ಸಾಮಾನ್ಯವಾಗಿ ಶುಲ್ಕ ಹಾಕುವುದಿಲ್ಲ. ಮಗಳಿಗೆ 3,000 ಡಾಲರ್ ಪೂರ್ತಿ ಸಿಕ್ಕಿತು. ಕ್ರೆಡಿಟ್ ಯೂನಿಯನ್‌ನ 10 ಡಾಲರೂ ಇಲ್ಲಿ ಇರಲಿಲ್ಲ, ಏಕೆಂದರೆ ಬಂದದ್ದು ವೈರ್ ಅಲ್ಲ.

ಇದರ ತೊಂದರೆಗಳು ಬೇರೆ ಬಗೆಯವು. ಅಮೆರಿಕದ ಕೆಲವು ಬ್ಯಾಂಕುಗಳಲ್ಲಿ ಬ್ಯಾಂಕನ್ನು ಗುರುತಿಸುವ ಒಂಬತ್ತು ಅಂಕಿಯ ರೂಟಿಂಗ್ ಸಂಖ್ಯೆ ವೈರ್‌ಗೆ ಒಂದು, ಎಸಿಎಚ್‌ಗೆ ಇನ್ನೊಂದು ಇರುತ್ತದೆ. ಅದಲುಬದಲಾದರೆ ಹಣ ಹಿಂದಿರುಗುತ್ತದೆ. ಶನಿವಾರ, ಭಾನುವಾರ ಮತ್ತು ಅಲ್ಲಿನ ಸರ್ಕಾರಿ ರಜೆಗಳಲ್ಲಿ ಎಸಿಎಚ್ ಲೆಕ್ಕ ತೀರುವಳಿ ನಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಮೆಯಲ್ಲಿ ಕಳುಹಿಸಿದವರ ಹೆಸರಿನ ಜಾಗದಲ್ಲಿ ಸೇವಾ ಸಂಸ್ಥೆಯ ಅಥವಾ ಅದರ ಪಾಲುದಾರರ ಹೆಸರು ಕಾಣಿಸಬಹುದು. ಮಗಳ ಸ್ವಂತ ಖಾತೆಗೆ ಇದರಿಂದ ಏನೂ ಬಾಧಕವಿಲ್ಲ, ಆದರೆ ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರೆ ಅದು ಯಾವ ವಿದ್ಯಾರ್ಥಿಯ ಹಣವೆಂದು ತಿಳಿಯದೆ ಲೆಕ್ಕಕ್ಕೆ ಸೇರದೆ ನಿಂತುಬಿಡಬಹುದು.

ಒಂದೇ ದರಕ್ಕೆ ತಂದ ಲೆಕ್ಕ

ನಾನು ಹಣ ಕಳುಹಿಸಿದ ದಿನಗಳ ವಿನಿಮಯ ದರಗಳು ಬೇರೆ ಬೇರೆಯಾಗಿದ್ದುದರಿಂದ ಹೋಲಿಕೆ ನ್ಯಾಯವಾಗಿರಲೆಂದು ಎಲ್ಲವನ್ನೂ ಒಂದೇ ದರಕ್ಕೆ ಇಳಿಸಿದ್ದೇನೆ. ಮಾರುಕಟ್ಟೆ ದರ ಡಾಲರಿಗೆ 87.50 ರೂಪಾಯಿ, ಬ್ಯಾಂಕು ನನಗೆ ಮಾರಿದ ದರ 88.70, ಆನ್‌ಲೈನ್ ಸೇವೆಯ ದರ 88.10 ಎಂದು ಇಟ್ಟುಕೊಂಡಿದ್ದೇನೆ. ಬ್ಯಾಂಕಿನಲ್ಲಿ ಕಮಿಷನ್ ಮತ್ತು ಸ್ವಿಫ್ಟ್ ಶುಲ್ಕ ಸೇರಿ ಜಿಎಸ್‌ಟಿ ಸಮೇತ 1,180 ರೂಪಾಯಿ, ಆನ್‌ಲೈನ್ ಸೇವೆಯಲ್ಲಿ 590 ರೂಪಾಯಿ. ಇವಲ್ಲದೆ ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿ ಎಲ್ಲ ಮಾರ್ಗಗಳಲ್ಲೂ ಇದೆ: 1 ಲಕ್ಷದಿಂದ 10 ಲಕ್ಷ ರೂಪಾಯಿವರೆಗಿನ ಮೊತ್ತಕ್ಕೆ ಸೇವೆಯ ಬೆಲೆಯನ್ನು 1,000 ರೂಪಾಯಿ ಮತ್ತು 1 ಲಕ್ಷ ಮೀರಿದ ಭಾಗದ ಶೇ 0.5 ಎಂದು ಎಣಿಸಿ, ಅದರ ಮೇಲೆ ಶೇ 18 ಹಾಕುತ್ತಾರೆ. ನಮ್ಮ ಮೊತ್ತಕ್ಕೆ ಅದು ಸುಮಾರು 329 ರೂಪಾಯಿ ಆಗುತ್ತದೆ.

| ಮಾರ್ಗ | ಇಲ್ಲಿ ಕೊಟ್ಟದ್ದು (ರೂ.) | ಅಲ್ಲಿ ಉಳಿದದ್ದು (ಡಾಲರ್) | ಕೈಗೆ ಸಿಕ್ಕ ಡಾಲರಿನ ಬೆಲೆ (ರೂ.) |
|---|---|---|---|
| SHA, ದೊಡ್ಡ ಬ್ಯಾಂಕು | 2,67,609 | 2,985 | 89.65 |
| SHA, ಕ್ರೆಡಿಟ್ ಯೂನಿಯನ್ | 2,67,609 | 2,963 | 90.32 |
| OUR, ಕ್ರೆಡಿಟ್ ಯೂನಿಯನ್ | 2,69,969 | 2,990 | 90.29 |
| ಆನ್‌ಲೈನ್ ಸೇವೆ | 2,65,218 | 3,000 | 88.41 |

ಈ ಪಟ್ಟಿಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ನಡುವಿನ ಎರಡು ಸಾಲುಗಳು. ಕ್ರೆಡಿಟ್ ಯೂನಿಯನ್ ಖಾತೆಗೆ ಕಳುಹಿಸುವಾಗ SHA ಮತ್ತು OUR ನಡುವೆ ಬೆಲೆಯಲ್ಲಿ ವ್ಯತ್ಯಾಸವೇ ಇಲ್ಲವೆನ್ನಬಹುದು. ದಾರಿಯಲ್ಲಿ ಹೋಗಬಹುದಾಗಿದ್ದ 27 ಡಾಲರ್, ಅಂದರೆ ಸುಮಾರು 2,395 ರೂಪಾಯಿ, ಉಳಿಸಲು ಇಲ್ಲಿ 2,360 ರೂಪಾಯಿ ಕೊಟ್ಟಂತಾಯಿತು. OUR ಉಳಿತಾಯದ ಮಾರ್ಗವಲ್ಲ, ನಿಖರ ಮೊತ್ತ ತಲುಪಿಸುವ ಮಾರ್ಗ. ದೊಡ್ಡ ಬ್ಯಾಂಕಿನ ಖಾತೆಗೆ OUR ಬಳಸಿದ್ದರೆ ನಷ್ಟವೇ ಆಗುತ್ತಿತ್ತು: 15 ಡಾಲರಿನ, ಅಂದರೆ ಸುಮಾರು 1,330 ರೂಪಾಯಿಯ ಕಡಿತವನ್ನು ತಪ್ಪಿಸಲು 2,360 ರೂಪಾಯಿ ಕೊಡಬೇಕಿತ್ತು. ಸರಪಳಿ ಎಷ್ಟು ಉದ್ದವೆಂದು ತಿಳಿಯದೆ ಈ ಚೌಕ ತುಂಬುವುದರಲ್ಲಿ ಅರ್ಥವಿಲ್ಲ ಎನ್ನುವುದು ಇದರಿಂದಲೇ.

ಇನ್ನೊಂದು ಸಂಗತಿಯನ್ನು ಪಟ್ಟಿ ಮರೆಮಾಡುತ್ತದೆ. ಮಧ್ಯವರ್ತಿಗಳ ಶುಲ್ಕದ ಬಗ್ಗೆ ನಾವೆಲ್ಲ ಬೇಸರಪಡುತ್ತೇವೆ, ಆದರೆ ಮಾರುಕಟ್ಟೆ ದರಕ್ಕೂ ಬ್ಯಾಂಕಿನ ದರಕ್ಕೂ ಇರುವ 1.20 ರೂಪಾಯಿ ಅಂತರ 3,000 ಡಾಲರಿಗೆ 3,600 ರೂಪಾಯಿ ಆಗುತ್ತದೆ. ಅದು ಉದ್ದದ ಸರಪಳಿಯ 37 ಡಾಲರಿಗಿಂತಲೂ ಹೆಚ್ಚು. ಅದಕ್ಕೆ ಯಾವ ರಸೀತಿಯಲ್ಲೂ ಪ್ರತ್ಯೇಕ ಸಾಲಿಲ್ಲ. ಶಾಖೆಯ ಗೋಡೆಯ ಮೇಲೆ ಕಾಣುವುದು ಕಾರ್ಡ್ ರೇಟ್; ಮೊತ್ತ ತಕ್ಕಷ್ಟು ದೊಡ್ಡದಾಗಿದ್ದರೆ ಖಜಾನೆ ವಿಭಾಗವನ್ನು ಕೇಳಿ ಉತ್ತಮ ದರ ತರಿಸಿಕೊಡಲು ಶಾಖೆಯವರಿಗೆ ಸಾಧ್ಯವಿದೆ. ನಾನು ಕೇಳಿದಾಗ ಅಂತರ 40 ಪೈಸೆಗೆ ಇಳಿದದ್ದುಂಟು; ಆಗ 3,000 ಡಾಲರಿಗೆ 2,400 ರೂಪಾಯಿ ಉಳಿಯುತ್ತದೆ. ಮೂಲದಲ್ಲೇ ಸಂಗ್ರಹಿಸುವ ತೆರಿಗೆಯಾದ ಟಿಸಿಎಸ್ ಅನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. 2025ರ ಏಪ್ರಿಲ್‌ನಿಂದ ಅದು ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ, ತೆರಿಗೆ ವಿವರ ಸಲ್ಲಿಸುವಾಗ ಹೊಂದಾಣಿಕೆಯೂ ಆಗುತ್ತದೆ.

ಹಿಂದಿರುಗಿ ಬಂದ ಹಣ

ಎಲ್ಲ ಮಾರ್ಗಗಳಿಗಿಂತ ದುಬಾರಿಯಾದದ್ದು ತಲುಪದೆ ಹಿಂದಿರುಗುವ ಪಾವತಿ. ನಮ್ಮ ಬಂಧುವೊಬ್ಬರು ಇಂಥದೇ ಕ್ರೆಡಿಟ್ ಯೂನಿಯನ್ ಖಾತೆಗೆ 3,000 ಡಾಲರ್ ಕಳುಹಿಸಿದಾಗ, ಅರ್ಜಿಯಲ್ಲಿ ಮಧ್ಯವರ್ತಿ ಬ್ಯಾಂಕನ್ನೇ ಪಡೆಯುವವರ ಬ್ಯಾಂಕೆಂದು ಬರೆಯಲಾಗಿತ್ತು, ಕ್ರೆಡಿಟ್ ಯೂನಿಯನ್‌ನ ಹೆಸರು ಎಲ್ಲಿಯೂ ಇರಲಿಲ್ಲ. ಆ ಖಾತೆ ಸಂಖ್ಯೆ ತನ್ನಲ್ಲಿ ಇಲ್ಲವೆಂದು ಮಧ್ಯವರ್ತಿ ಬ್ಯಾಂಕು ಹಣವನ್ನು ಹಿಂದಕ್ಕೆ ಕಳುಹಿಸಿತು. ಹೋಗುವಾಗಲೂ ಬರುವಾಗಲೂ ಶುಲ್ಕ ಕಳೆದು ಮೈಸೂರಿಗೆ ಬಂದದ್ದು 2,945 ಡಾಲರ್. ಅದನ್ನು ರೂಪಾಯಿಗೆ ಬದಲಾಯಿಸಿದ್ದು ಬ್ಯಾಂಕು ಕೊಳ್ಳುವ ದರದಲ್ಲಿ, ಮಾರುವ ದರದಲ್ಲಲ್ಲ. 88.70ಕ್ಕೆ ಕೊಂಡು 86.60ಕ್ಕೆ ಹಿಂದಿರುಗಿಸಿದರೆ 2,66,100 ರೂಪಾಯಿಗೆ ಬದಲಾಗಿ 2,55,037 ರೂಪಾಯಿ ಸಿಗುತ್ತದೆ, ಕಟ್ಟಿದ ಕಮಿಷನ್ ಬೇರೆ.

ಕ್ರೆಡಿಟ್ ಯೂನಿಯನ್‌ಗಳು ಒಳಬರುವ ವೈರ್‌ಗೆ ಬೇಕಾದ ಸೂಚನೆಯನ್ನು ಮೂರು ಭಾಗಗಳಲ್ಲಿ ಕೊಡುತ್ತವೆ: ಮಧ್ಯವರ್ತಿ ಬ್ಯಾಂಕಿನ ಸ್ವಿಫ್ಟ್ ಸಂಕೇತ, ಪಡೆಯುವ ಸಂಸ್ಥೆಯಾಗಿ ಕ್ರೆಡಿಟ್ ಯೂನಿಯನ್‌ನ ಹೆಸರು ಮತ್ತು ಅದರ ಒಂಬತ್ತು ಅಂಕಿಯ ರೂಟಿಂಗ್ ಸಂಖ್ಯೆ, ಕೊನೆಯಲ್ಲಿ ಸದಸ್ಯರ ಪೂರ್ಣ ಹೆಸರು ಮತ್ತು ಖಾತೆ ಸಂಖ್ಯೆ. ಹಳೆಯ ವಿನ್ಯಾಸದಲ್ಲಿ ಇವು ಕ್ರಮವಾಗಿ 56, 57, 59 ಎಂಬ ಸಾಲುಗಳಲ್ಲಿ ಬರಬೇಕು. ಹಣ ಹೊರಟ ದಿನವೇ ಸ್ವಿಫ್ಟ್ ಪ್ರತಿಯನ್ನು ಪಡೆದು ಈ ಮೂರು ಸಾಲುಗಳನ್ನು ಸೂಚನೆಯೊಡನೆ ತಾಳೆ ನೋಡಿದರೆ, ತಪ್ಪಿದ್ದಾಗ ಹಣ ಹಿಂದಿರುಗುವ ಮೊದಲೇ ತಿದ್ದುಪಡಿ ಸಂದೇಶ ಕಳುಹಿಸಲು ಅವಕಾಶವಿರುತ್ತದೆ. ಅದಕ್ಕೂ ಶುಲ್ಕವಿದೆ, ಆದರೆ ಹನ್ನೊಂದು ಸಾವಿರ ರೂಪಾಯಿಯ ಮುಂದೆ ಅದು ಚಿಕ್ಕದು.

ಈಗ ನಾನು ಮಗಳ ಮನೆಬಾಡಿಗೆ ಮತ್ತು ಊಟದ ಖರ್ಚನ್ನು ಎರಡು ಮೂರು ತಿಂಗಳಿಗೆ ಸೇರಿಸಿ ಆನ್‌ಲೈನ್ ಸೇವೆಯ ಮೂಲಕ ಅವಳ ಖಾತೆಗೆ ಕಳುಹಿಸುತ್ತೇನೆ. ವಿಶ್ವವಿದ್ಯಾಲಯದ ಶುಲ್ಕವನ್ನು ಬ್ಯಾಂಕಿನಿಂದಲೇ, ಮೊದಲು ದರ ಮಾತಾಡಿಕೊಂಡು, ಪೂರ್ಣ ಮೊತ್ತದ ಭರವಸೆ ಇರುವ OUR ಕ್ರಮದಲ್ಲಿ, ವಿವರದ ಸಾಲಿನಲ್ಲಿ ಅವಳ ವಿದ್ಯಾರ್ಥಿ ಸಂಖ್ಯೆ ಬರೆಸಿ, ಕೊನೆಯ ದಿನಕ್ಕೆ ಹತ್ತು ದಿನ ಮೊದಲೇ ಕಳುಹಿಸುತ್ತೇನೆ.